ಹಕ್ಕು ಗೆದ್ದಿತು, ಸೀಟು ಸಿಗಲಿಲ್ಲ: ಒಂದು ತೀರ್ಪನ್ನು ಒಂದು ಪುಟಕ್ಕೆ ಇಳಿಸುವ ಬಗೆ

ಮೋಹಿನಿ ಜೈನ್ ಪ್ರಕರಣ ಯಾವುದು ಎಂದು ಕಾನೂನು ವಿದ್ಯಾರ್ಥಿಗಳನ್ನು ಕೇಳಿದರೆ ಸಾಮಾನ್ಯವಾಗಿ ಬರುವುದು ಒಂದೇ ಸಾಲಿನ ಉತ್ತರ: ಶಿಕ್ಷಣ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿದ ಪ್ರಕರಣ. ಹಾಗಾದರೆ ಆ ವಿದ್ಯಾರ್ಥಿನಿಗೆ ಮೆಡಿಕಲ್ ಸೀಟು ಸಿಕ್ಕಿತೆ ಎಂದು ಮತ್ತೆ ಕೇಳಿದರೆ ಉತ್ತರ ತಡವರಿಸುತ್ತದೆ. ಸೀಟು ಸಿಗಲಿಲ್ಲ. ಕ್ಯಾಪಿಟೇಶನ್ ಶುಲ್ಕ ಕಾನೂನುಬಾಹಿರ ಎಂದು ಸಾರಿದ ಅದೇ ತೀರ್ಪು, ಅರ್ಜಿದಾರಳಿಗೆ ಪ್ರವೇಶ ಕೊಡಿಸಲು ನಿರಾಕರಿಸಿತು. ಒಂದು ಸಾಲಿನಲ್ಲಿ ಕಲಿತವರಿಗೆ ಈ ಅರ್ಧ ಗೊತ್ತಿರುವುದಿಲ್ಲ.

ಕಾನೂನು ತರಗತಿಗಳಲ್ಲಿ ‘ಕೇಸ್ ಬ್ರೀಫ್’ ಬರೆಸುವುದು ಇದಕ್ಕಾಗಿಯೇ. ಹತ್ತಾರು ಪುಟಗಳ ತೀರ್ಪನ್ನು ಒಂದೆರಡು ಪುಟಕ್ಕೆ ಇಳಿಸಿ, ಸಂಗತಿಗಳು, ವಿವಾದಾಂಶಗಳು, ಕಾರಣಗಳು, ನಿರ್ಣಯ ಎಂದು ಬೇರ್ಪಡಿಸಿ ಬರೆಯುವ ಟಿಪ್ಪಣಿ ಅದು. ಇದನ್ನು ಸಾರಾಂಶ ಎಂದುಕೊಂಡರೆ ಕೆಲಸ ಕೆಡುತ್ತದೆ. ಸಾರಾಂಶದಲ್ಲಿ ತೀರ್ಪಿನ ಎಲ್ಲ ಮಾತಿಗೂ ಅಷ್ಟಿಷ್ಟು ಜಾಗ ಸಿಗುತ್ತದೆ. ಬ್ರೀಫ್‌ನಲ್ಲಿ ಹಾಗಲ್ಲ, ನ್ಯಾಯಾಲಯ ಆಡಿದ ಮಾತುಗಳಲ್ಲಿ ಅದು ನಿರ್ಧರಿಸಿದ್ದು ಎಷ್ಟು ಎಂಬುದನ್ನು ಮಾತ್ರ ಹೆಕ್ಕಿ ತೆಗೆಯಬೇಕು. ಮೋಹಿನಿ ಜೈನ್ ವಿರುದ್ಧ ಕರ್ನಾಟಕ ರಾಜ್ಯ, 1992ರ ಜುಲೈ 30ರ ಈ ತೀರ್ಪು, ಆ ಹೆಕ್ಕುವಿಕೆಯನ್ನು ಕಲಿಯಲು ಹೇಳಿ ಮಾಡಿಸಿದಂತಿದೆ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಮತ್ತು ನ್ಯಾಯಮೂರ್ತಿ ಆರ್.ಎಂ. ಸಹಾಯ್ ಅವರ ದ್ವಿಸದಸ್ಯ ಪೀಠ, ಒಂದೇ ತೀರ್ಪು, ಭಿನ್ನಮತವಿಲ್ಲ.

ಓದುವುದನ್ನು ಕೊನೆಯಿಂದ ಆರಂಭಿಸುವುದು ಲೇಸು. ಅಂತಿಮ ಆದೇಶ ಏನೆಂದು ಮೊದಲೇ ತಿಳಿದಿದ್ದರೆ, ಮುಂದಿನ ಪುಟಗಳಲ್ಲಿ ಯಾವ ವಾಕ್ಯ ಆ ಆದೇಶವನ್ನು ಹೊತ್ತು ನಿಂತಿದೆ, ಯಾವುದು ಸುಮ್ಮನೆ ಬಂದು ಹೋಗಿದೆ ಎಂಬುದು ಓದುತ್ತಲೇ ಕಾಣತೊಡಗುತ್ತದೆ. ಆಮೇಲೆ ನ್ಯಾಯಾಲಯ ತನಗೆ ತಾನೇ ಹಾಕಿಕೊಂಡ ಪ್ರಶ್ನೆಗಳನ್ನು ಹುಡುಕಬೇಕು. ಸಂಗತಿಗಳ ಸರದಿ ಅದರ ನಂತರ. ಬರೆಯುವಾಗ ಮಾತ್ರ ಸಂಗತಿಗಳೇ ಮೊದಲು.

ಸಂಗತಿಗಳು ಹೀಗಿವೆ. ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸಲೆಂದೇ ಕರ್ನಾಟಕ 1984ರಲ್ಲಿ ಒಂದು ಕಾಯಿದೆ ಮಾಡಿತ್ತು. ಶುಲ್ಕವನ್ನು ನಿಗದಿ ಮಾಡುವ ಅಧಿಕಾರವನ್ನೂ ಅದೇ ಕಾಯಿದೆ ಸರ್ಕಾರಕ್ಕೆ ಕೊಟ್ಟಿತ್ತು. ಆ ಅಧಿಕಾರ ಬಳಸಿ ಸರ್ಕಾರ 1989ರ ಜೂನ್ 5ರಂದು ಖಾಸಗಿ ವೈದ್ಯಕೀಯ ಕಾಲೇಜುಗಳ ಬೋಧನಾ ಶುಲ್ಕದ ಅಧಿಸೂಚನೆ ಹೊರಡಿಸಿತು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ. ಉಳಿದ ಸೀಟುಗಳಲ್ಲಿ ಕರ್ನಾಟಕದವರಿಗೆ 25,000. ಹೊರ ರಾಜ್ಯದ ಭಾರತೀಯರಿಗೆ 60,000 ಮೀರದಂತೆ. ಉತ್ತರ ಪ್ರದೇಶದ ಮೀರಠ್‌ನ ಮೋಹಿನಿ ಜೈನ್ ತುಮಕೂರಿನ ಖಾಸಗಿ ಕಾಲೇಜೊಂದರಲ್ಲಿ ಎಂಬಿಬಿಎಸ್ ಸೇರಲು ಬಯಸಿದರು. ಮೊದಲ ವರ್ಷಕ್ಕೆ 60,000 ರೂಪಾಯಿ ಕಟ್ಟಿ, ಮುಂದಿನ ವರ್ಷಗಳ ಶುಲ್ಕಕ್ಕೆ ಬ್ಯಾಂಕ್ ಗ್ಯಾರಂಟಿ ಕೊಡಬೇಕೆಂದು ಕಾಲೇಜು ಹೇಳಿತು. ಅಷ್ಟು ಹಣ ಹೊಂದಿಸಲು ತಮ್ಮಿಂದಾಗದು ಎಂದರು ತಂದೆ. ಪ್ರವೇಶ ಸಿಗಲಿಲ್ಲ. ಸಂವಿಧಾನದ 32ನೇ ವಿಧಿಯಡಿ ರಿಟ್ ಅರ್ಜಿ ನೇರವಾಗಿ ಸುಪ್ರೀಂ ಕೋರ್ಟ್‌ಗೆ ಬಂತು.

ಇದರಲ್ಲಿ ಬ್ರೀಫ್‌ಗೆ ಬೇಕಾದದ್ದು ಎಷ್ಟು? ಪ್ರತಿ ಸಂಗತಿಯ ಮೇಲೂ ಒಂದು ಪರೀಕ್ಷೆ ಹಚ್ಚಬೇಕು: ಇದನ್ನು ತೆಗೆದುಹಾಕಿದರೆ ಅಥವಾ ಬದಲಿಸಿದರೆ ಫಲಿತಾಂಶ ಬದಲಾದೀತೆ? ಕಾಲೇಜು ತುಮಕೂರಿನ ಬದಲು ದಾವಣಗೆರೆಯಲ್ಲಿ ಇದ್ದಿದ್ದರೂ ತೀರ್ಪು ಅದೇ ಇರುತ್ತಿತ್ತು; ಊರಿನ ಹೆಸರು ಬಿಡಬಹುದು. ಅರ್ಜಿದಾರಳು ಹೊರ ರಾಜ್ಯದವಳು ಎಂಬುದನ್ನು ಬಿಡುವಂತಿಲ್ಲ, ಏಕೆಂದರೆ 60,000ದ ದರ ಅವಳಿಗೆ ಅನ್ವಯಿಸಿದ್ದೇ ಆ ಕಾರಣಕ್ಕೆ. 2,000 ಮತ್ತು 60,000ದ ನಡುವಿನ ಅಂತರವನ್ನಂತೂ ಬಿಡಲೇಬಾರದು. ಇಡೀ ತರ್ಕ ನಿಂತಿರುವುದು ಅದರ ಮೇಲೆ.

ಇಲ್ಲಿ ವಿದ್ಯಾರ್ಥಿಗಳು ಎಡವುವ ಜಾಗವೊಂದಿದೆ. ಶುಲ್ಕದ ಮೇಲೆ ಇನ್ನೂ ನಾಲ್ಕೂವರೆ ಲಕ್ಷ ರೂಪಾಯಿ ಕೇಳಿದರು ಎಂದು ಅರ್ಜಿದಾರಳು ಆರೋಪಿಸಿದ್ದರು. ಕಾಲೇಜು ಅದನ್ನು ಖಡಾಖಂಡಿತವಾಗಿ ಅಲ್ಲಗಳೆಯಿತು. ಈ ಮೊತ್ತ ಕಣ್ಣಿಗೆ ಬೇಗ ಬೀಳುವುದರಿಂದ ಬ್ರೀಫ್‌ಗಳಲ್ಲಿ ‘ಕಾಲೇಜು ನಾಲ್ಕೂವರೆ ಲಕ್ಷ ಡೊನೇಷನ್ ಕೇಳಿತು’ ಎಂದೇ ನುಸುಳಿಬಿಡುತ್ತದೆ. ಅದು ರುಜುವಾತಾದ ಸಂಗತಿಯಲ್ಲ, ಒಂದು ಪಕ್ಷದ ಆರೋಪ. ಪೀಠದ ನಿರ್ಣಯ ಅದನ್ನು ನೆಚ್ಚಿಕೊಂಡೂ ಇಲ್ಲ. ಅಧಿಸೂಚನೆಯೇ ಒಪ್ಪಿದ್ದ 60,000ದ ಮೇಲೆ ಅದು ನಿಂತಿದೆ. ಬರೆಯಲೇಬೇಕಿದ್ದರೆ ‘ಆರೋಪ, ನಿರಾಕರಣೆ’ ಎಂದು ಎರಡನ್ನೂ ಸೇರಿಸಿ ಬರೆಯಬೇಕು.

ವಿವಾದಾಂಶಗಳನ್ನು ಈ ತೀರ್ಪಿನಲ್ಲಿ ಹುಡುಕುವ ಕಷ್ಟವಿಲ್ಲ. ಪೀಠವೇ ನಾಲ್ಕು ಪ್ರಶ್ನೆಗಳನ್ನು ಬರೆದಿಟ್ಟಿದೆ. ಶಿಕ್ಷಣದ ಹಕ್ಕು ಸಂವಿಧಾನದಲ್ಲಿದೆಯೇ, ಇದ್ದರೆ ಕ್ಯಾಪಿಟೇಶನ್ ಶುಲ್ಕ ಅದನ್ನು ಉಲ್ಲಂಘಿಸುತ್ತದೆಯೇ? ಆ ಶುಲ್ಕ 14ನೇ ವಿಧಿಯ ಸಮಾನತೆಗೆ ವಿರುದ್ಧವೇ? ಶುಲ್ಕ ನಿಯಂತ್ರಣದ ಸೋಗಿನಲ್ಲಿ ಅಧಿಸೂಚನೆ ಕ್ಯಾಪಿಟೇಶನ್‌ಗೇ ಅನುಮತಿ ಕೊಡುತ್ತಿದೆಯೇ? ಕೊಟ್ಟಿದ್ದರೆ ಅದು 1984ರ ಕಾಯಿದೆಗೆ ವಿರುದ್ಧವೇ? ಮೊದಲ ಎರಡು ಸಂವಿಧಾನದ ಪ್ರಶ್ನೆಗಳು, ಕೊನೆಯ ಎರಡು ಒಂದು ರಾಜ್ಯದ ಒಂದು ಕಾಯಿದೆಯ ಪ್ರಶ್ನೆಗಳು. ಪಾಠದಲ್ಲಿ ಹೆಸರು ಮಾಡಿದ್ದು ಮೊದಲನೆಯದು. ಮೂರು ಮತ್ತು ನಾಲ್ಕನ್ನು ಬಿಟ್ಟು ಬರೆದ ಬ್ರೀಫ್ ಅಪೂರ್ಣ, ಏಕೆಂದರೆ ಅಧಿಸೂಚನೆಯ ಗತಿಯೇನು ಎಂಬುದಕ್ಕೆ ನೇರ ಉತ್ತರ ಇರುವುದು ಅಲ್ಲಿ.

ಕಾರಣಗಳ ಭಾಗಕ್ಕೆ ಬಂದಾಗ ಮೊದಲು ಗಮನಿಸಬೇಕಾದದ್ದು ಯಾರು ಮಾತಾಡುತ್ತಿದ್ದಾರೆ ಎಂಬುದನ್ನು. ನಮ್ಮ ತೀರ್ಪುಗಳು ವಕೀಲರ ವಾದವನ್ನು ವಿಸ್ತಾರವಾಗಿ ದಾಖಲಿಸುತ್ತವೆ, ಎಷ್ಟೋ ಸಲ ಅದೇ ಗಂಭೀರ ಧಾಟಿಯಲ್ಲಿ. ಒಬ್ಬ ವೈದ್ಯನನ್ನು ತಯಾರು ಮಾಡಲು ಸುಮಾರು ಐದು ಲಕ್ಷ ರೂಪಾಯಿ ಖರ್ಚಾಗುತ್ತದೆ, 40 ಪ್ರತಿಶತ ಸೀಟುಗಳನ್ನು ಕಡಿಮೆ ದರದಲ್ಲಿ ಸರ್ಕಾರಕ್ಕೆ ಬಿಟ್ಟುಕೊಡಬೇಕು, ಆ ಹೊರೆಯನ್ನು ಉಳಿದವರೇ ಹೊರಬೇಕು ಎಂಬುದು ಈ ತೀರ್ಪಿನಲ್ಲಿ ಬರುತ್ತದೆ. ಅರ್ಹತೆಯಿಂದ ಬಂದವರು, ಹಾಗಲ್ಲದೆ ಬಂದವರು ಎಂದು ಎರಡು ವರ್ಗ ಮಾಡಿ ಬೇರೆ ಬೇರೆ ಶುಲ್ಕ ಪಡೆಯಬಹುದು ಎಂಬುದೂ ಬರುತ್ತದೆ. ಇವೆಲ್ಲ ಪ್ರತಿವಾದಿಗಳ ಕಡೆಯ ವಾದ, ಪೀಠ ಒಪ್ಪಲಿಲ್ಲ. ಅವಸರದಲ್ಲಿ ಓದಿದವರು ಇದನ್ನೇ ನ್ಯಾಯಾಲಯದ ಅಭಿಪ್ರಾಯವೆಂದು ಬರೆದಿಡುತ್ತಾರೆ. ‘ವಾದಿಸಲಾಯಿತು’, ‘ವಕೀಲರು ನಿವೇದಿಸಿದರು’ ಎಂಬರ್ಥದ ಮಾತು ಕಂಡಲ್ಲಿ ಅಂಚಿನಲ್ಲಿ ಒಂದು ಗುರುತು, ‘ನಮ್ಮ ಅಭಿಪ್ರಾಯದಲ್ಲಿ’, ‘ನಾವು ನಿರ್ಣಯಿಸುತ್ತೇವೆ’ ಎಂಬರ್ಥದ ಮಾತು ಕಂಡಲ್ಲಿ ಇನ್ನೊಂದು ಗುರುತು ಹಾಕುತ್ತ ಹೋದರೆ ಈ ಗೊಂದಲ ಬಹುಮಟ್ಟಿಗೆ ತಪ್ಪುತ್ತದೆ.

ಪೀಠದ ಸ್ವಂತ ತರ್ಕದ ಎಳೆ ಹೀಗೆ ಸಾಗುತ್ತದೆ. ಸಂವಿಧಾನದ ಮೂರನೇ ಭಾಗದಲ್ಲಿ ಶಿಕ್ಷಣದ ಹಕ್ಕು ಎಂಬ ಹೆಸರಿನ ಹಕ್ಕು ಆಗ ಇರಲಿಲ್ಲ. ಆದರೆ ರಾಜ್ಯ ನೀತಿ ನಿರ್ದೇಶಕ ತತ್ವಗಳನ್ನು, ಮುಖ್ಯವಾಗಿ 41 ಮತ್ತು 45ನೇ ವಿಧಿಗಳನ್ನು, ಮೂಲಭೂತ ಹಕ್ಕುಗಳ ಜೊತೆ ಸೇರಿಸಿ ಓದಬೇಕು. 21ನೇ ವಿಧಿ ಹೇಳುವ ಜೀವಿಸುವ ಹಕ್ಕು ಘನತೆಯಿಂದ ಬದುಕುವ ಹಕ್ಕು. ಶಿಕ್ಷಣವಿಲ್ಲದೆ ಆ ಘನತೆ ಇಲ್ಲ. ಆದ್ದರಿಂದ ಶಿಕ್ಷಣದ ಹಕ್ಕು 21ರಿಂದಲೇ ಹುಟ್ಟುತ್ತದೆ. ಸರ್ಕಾರ ತನ್ನ ಈ ಹೊಣೆಯನ್ನು ಸ್ವಂತ ಕಾಲೇಜುಗಳ ಮೂಲಕವೂ ಮಾನ್ಯತೆ ಕೊಟ್ಟ ಖಾಸಗಿ ಕಾಲೇಜುಗಳ ಮೂಲಕವೂ ನಿಭಾಯಿಸುತ್ತದೆ. ಹಾಗಾಗಿ ಮಾನ್ಯತೆ ಪಡೆದ ಕಾಲೇಜು ಪ್ರವೇಶಕ್ಕೆ ಬೆಲೆ ಕಟ್ಟಿದರೆ ಹಕ್ಕು ನಿರಾಕರಿಸಿದಂತೆ. ಹಣವಿದ್ದವನಿಗೆ ಸೀಟು, ಅವನಿಗಿಂತ ಅರ್ಹನಾದ ಬಡವನಿಗೆ ಇಲ್ಲ ಎಂಬ ವ್ಯವಸ್ಥೆ 14ನೇ ವಿಧಿಗೂ ವಿರುದ್ಧ. ಇನ್ನು ಅಧಿಸೂಚನೆ: ಬೋಧನಾ ಶುಲ್ಕವೆಂದು ಹೆಸರಿಟ್ಟ ಮಾತ್ರಕ್ಕೆ 60,000 ರೂಪಾಯಿ ಬೋಧನಾ ಶುಲ್ಕವಾಗದು, ಅದು ಕ್ಯಾಪಿಟೇಶನ್ನೇ, ಕಾಯಿದೆ ನಿಷೇಧಿಸಿದ್ದನ್ನು ಆ ಕಾಯಿದೆಯಡಿಯ ಅಧಿಸೂಚನೆ ಅನುಮತಿಸಲಾಗದು.

ನಿರ್ಣಯವನ್ನು ಬರೆಯುವಾಗ ಎರಡು ವಾಕ್ಯ ಬೇಕು, ಎರಡನ್ನೂ ಬೆರೆಸಬಾರದು. ಮೊದಲನೆಯದು ಕಾನೂನಿನ ನಿರ್ಣಯ: ಮಾನ್ಯತೆ ಪಡೆದ ಖಾಸಗಿ ಶಿಕ್ಷಣ ಸಂಸ್ಥೆ ಪ್ರವೇಶಕ್ಕಾಗಿ ಕ್ಯಾಪಿಟೇಶನ್ ಶುಲ್ಕ ಪಡೆಯುವುದು ಸಂವಿಧಾನದ 21 ಮತ್ತು 14ನೇ ವಿಧಿಗಳಿಗೆ ವಿರುದ್ಧ, ಅದಕ್ಕೆ ಅವಕಾಶ ಕೊಡುವ ಅಧಿಸೂಚನೆ 1984ರ ಕಾಯಿದೆಗೆ ವಿರುದ್ಧ. ಎರಡನೆಯದು ಅರ್ಜಿಯ ಫಲ: ಅರ್ಜಿದಾರಳ ಪ್ರವೇಶದ ಕೋರಿಕೆ ಅರ್ಹತೆಯ ಆಧಾರದ್ದಲ್ಲ, ಕೋರ್ಸ್ ಕೂಡ 1991ರಲ್ಲೇ ಆರಂಭವಾಗಿದೆ, ಆದ್ದರಿಂದ ಆಕೆಗೆ ಬೇರೆ ಪರಿಹಾರವಿಲ್ಲ. ಪೀಠ ಹಾಕಿದ ಬೇಲಿಗಳೂ ಇಲ್ಲಿಗೇ ಸೇರುತ್ತವೆ. ತೀರ್ಪು ಮುಂದಕ್ಕೆ ಮಾತ್ರ ಅನ್ವಯ, ಆಗಲೇ ಸೇರಿದವರಿಗೆ ತೊಂದರೆಯಿಲ್ಲ. ವಿದೇಶಿ ಮತ್ತು ಅನಿವಾಸಿ ಭಾರತೀಯ ವಿದ್ಯಾರ್ಥಿಗಳಿಗೆ ಇದು ತಾಗುವುದಿಲ್ಲ. ಈ ಮಿತಿಗಳನ್ನು ಬರೆಯದಿದ್ದರೆ ನಿರ್ಣಯ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಉಳಿದದ್ದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ತೀರ್ಪಿನಲ್ಲಿ ಎಲ್ಲ ಹಂತದ ಶಿಕ್ಷಣವೂ ಹಕ್ಕು ಎನ್ನುವಷ್ಟು ವಿಶಾಲವಾದ ಮಾತುಗಳಿವೆ. ಮುಂದಿನ ನ್ಯಾಯಾಲಯಗಳನ್ನು ಕಟ್ಟಿಹಾಕುವ ರೇಷಿಯೊ ಅದೇಯೆ, ಅಥವಾ ಜೊತೆಗೆ ಬಂದ ಒಬಿಟರ್ ಮಾತೆ? ಪೀಠದ ಮುಂದಿದ್ದ ಜಗಳ ಒಂದು ವೈದ್ಯಕೀಯ ಕಾಲೇಜಿನ ಶುಲ್ಕದ್ದು. ಅದನ್ನು ಬಗೆಹರಿಸಲು ಅಷ್ಟು ವಿಶಾಲವಾದ ಮಾತು ಬೇಕಿರಲಿಲ್ಲ. ಒಳ್ಳೆಯ ಬ್ರೀಫ್ ಬರೆಯುವವನು ಇಲ್ಲಿ ರೇಷಿಯೊವನ್ನು ಕಿರಿದಾಗಿಯೇ ಬರೆದು, ವಿಶಾಲವಾದ ಮಾತನ್ನು ಬೇರೆ ಸಾಲಿನಲ್ಲಿ ದಾಖಲಿಸುತ್ತಾನೆ. ಮುದ್ರಿತ ವರದಿಗಳ ತಲೆಯಲ್ಲಿರುವ ಹೆಡ್‌ನೋಟ್ ಈ ಕೆಲಸವನ್ನು ಅವನಿಗಾಗಿ ಮಾಡಿಕೊಡುವುದಿಲ್ಲ. ಅದು ಸಂಪಾದಕರು ಬರೆದದ್ದು, ತೀರ್ಪಿನ ಭಾಗವಲ್ಲ.

ಆ ಎಚ್ಚರ ಎಷ್ಟು ಸರಿಯಾದದ್ದೆಂದು ಆರು ತಿಂಗಳಲ್ಲೇ ಗೊತ್ತಾಯಿತು. 1993ರ ಫೆಬ್ರವರಿಯಲ್ಲಿ ಉನ್ನಿಕೃಷ್ಣನ್ ಪ್ರಕರಣದ ಐವರ ಪೀಠ, ಶಿಕ್ಷಣದ ಹಕ್ಕು 21ರಲ್ಲಿ ಇದೆ ಎಂಬುದನ್ನು ಒಪ್ಪಿತು. ಆದರೆ ಉಚಿತ ಶಿಕ್ಷಣದ ಹಕ್ಕು 14 ವರ್ಷದವರೆಗೆ ಮಾತ್ರ, ಆಮೇಲಿನದು ರಾಜ್ಯದ ಆರ್ಥಿಕ ಶಕ್ತಿಗೆ ಒಳಪಟ್ಟದ್ದು ಎಂದಿತು. ವಿಶಾಲವಾದ ಮಾತು ಬಿದ್ದಿತು, ಕ್ಯಾಪಿಟೇಶನ್ ನಿಷೇಧ ಉಳಿಯಿತು. ಉನ್ನಿಕೃಷ್ಣನ್ ರೂಪಿಸಿದ ಪ್ರವೇಶ ಮತ್ತು ಶುಲ್ಕದ ಯೋಜನೆಯನ್ನು 2002ರ ಅಕ್ಟೋಬರ್ 31ರಂದು ಟಿ.ಎಂ.ಎ. ಪೈ ಫೌಂಡೇಶನ್ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದ ಹನ್ನೊಂದು ಜನರ ಪೀಠ ತಳ್ಳಿಹಾಕಿತು. ಕ್ಯಾಪಿಟೇಶನ್ ಸಲ್ಲದು ಎಂಬುದನ್ನು ಅದೂ ಬಿಡಲಿಲ್ಲ. ಅದೇ ವರ್ಷದ 86ನೇ ತಿದ್ದುಪಡಿಯಿಂದ 21ಎ ವಿಧಿ ಸೇರಿ, 6ರಿಂದ 14 ವರ್ಷದ ಮಕ್ಕಳ ಶಿಕ್ಷಣ ಸಂವಿಧಾನದಲ್ಲಿ ಹೆಸರಿಟ್ಟ ಹಕ್ಕಾಯಿತು.

ಆದ್ದರಿಂದ ಬ್ರೀಫ್‌ನ ಕೆಳಗೆ ‘ಈಗ ಈ ತೀರ್ಪಿನ ಸ್ಥಿತಿ’ ಎಂದು ಎರಡು ಸಾಲು ಜಾಗ ಬಿಡಿ, ಮೋಹಿನಿ ಜೈನ್ ಪ್ರಕರಣದ್ದರಲ್ಲಿ ಈ ಎರಡು ಪೀಠಗಳ ಹೆಸರನ್ನೂ 21ಎ ವಿಧಿಯನ್ನೂ ಬರೆಯಿರಿ. ಸುಪ್ರೀಂ ಕೋರ್ಟಿನ ತೀರ್ಪುಗಳ ಪೂರ್ಣ ಪಠ್ಯ ಅದರ ಇ-ಎಸ್‌ಸಿಆರ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ.