ಗಂಗವ್ವನ ಹೆಸರಿಗೆ ಎಷ್ಟು ಸ್ಪೆಲ್ಲಿಂಗ್?



ಗಂಗವ್ವ ಎಂಬ ಹೆಸರನ್ನು ಕನ್ನಡದಲ್ಲಿ ಒಂದೇ ರೀತಿ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಒಬ್ಬರು Gangavva ಎಂದು ಟೈಪ್ ಮಾಡಿದರೆ, ಇನ್ನೊಬ್ಬರು Gangawwa ಎನ್ನುತ್ತಾರೆ. ಅವಸರದಲ್ಲಿದ್ದವರು Gangava ಎಂದು ಮುಗಿಸುತ್ತಾರೆ. ಇಂಡಿ, ಸಿಂದಗಿ ಕಡೆಯಿರಲಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿರಲಿ, ಅವ್ವ ಎಂದು ಮುಗಿಯುವ ಹೆಸರುಗಳು ಮನೆಮನೆಯಲ್ಲಿವೆ. ಓದುವ ನಮಗೆ ಮೂರೂ ಒಂದೇ. ಅಕ್ಷರಕ್ಕೆ ಅಕ್ಷರ ಹೋಲಿಸುವ ಕಂಪ್ಯೂಟರಿಗೆ ಮಾತ್ರ ಅವರು ಮೂವರು ಬೇರೆ ಹೆಣ್ಣುಮಕ್ಕಳು.

ಇದರ ಬಿಸಿ ತಟ್ಟುವುದು ವಿಮೆ ಮಾಡಿಸಿದ ಎಮ್ಮೆ ಸತ್ತಾಗ. ಆಧಾರ್ ಮತ್ತು ಪಾಸ್‌ಬುಕ್ಕಿನಲ್ಲಿ Gangavva, ವಿಮಾ ಪಾಲಿಸಿಯಲ್ಲಿ Gangawwa ಎಂದಿದೆ ಎಂದುಕೊಳ್ಳಿ. ನಾವು ಮರಣೋತ್ತರ ಪರೀಕ್ಷೆ ಮಾಡಿ ಕೊಡುವ ಪ್ರಮಾಣಪತ್ರದಲ್ಲಿ ಕಿವಿಯೋಲೆಯ 12 ಅಂಕಿ ಇರುತ್ತದೆ, ಮಾಲೀಕರ ಹೆಸರೂ ಇರುತ್ತದೆ. ಅಂಕಿ ತಾಳೆಯಾದರೆ ಸತ್ತದ್ದು ಅದೇ ಎಮ್ಮೆ ಎಂದು ಗೊತ್ತಾಗುತ್ತದೆ. ಆದರೆ ಹಣ ಹೋಗಬೇಕಾದದ್ದು ಎಮ್ಮೆಯ ಖಾತೆಗಲ್ಲವಲ್ಲ! ಪಾಲಿಸಿಯಲ್ಲಿರುವ ಗಂಗವ್ವ, ಖಾತೆಯ ಗಂಗವ್ವ ಒಬ್ಬರೇ ಎಂದು ತೋರಿಸಲು ಮತ್ತೆ ಕಾಗದ ಓಡಾಡಬೇಕಾಗುತ್ತದೆ. ಎಮ್ಮೆ ಜೀವಂತ ಇರುವಾಗ ಇದೇ ತಿದ್ದುಪಡಿ ಒಂದು ಅರ್ಜಿಯಲ್ಲಿ ಮುಗಿಯುತ್ತದೆ.

ಯಾವುದನ್ನು ತಿದ್ದಬೇಕು? ಆಧಾರ್‌ನಲ್ಲಿ ಹೆಸರು ಬದಲಿಸಲು ಸಾಮಾನ್ಯವಾಗಿ ಜೀವಮಾನದಲ್ಲಿ ಎರಡೇ ಬಾರಿ ಅವಕಾಶ. ಆದ್ದರಿಂದ ಅಲ್ಲಿ ಹೆಸರು ತೀರಾ ತಪ್ಪಾಗಿಲ್ಲದಿದ್ದರೆ ಅದನ್ನು ಮುಟ್ಟಬೇಡಿ. ಆಧಾರ್‌ನಲ್ಲಿ ಎರಡು v ಇದ್ದರೆ ನಿಮ್ಮ ಹೆಸರಿಗೆ ಎರಡು v. ಚೆಂದ ಯಾವುದು, ಸರಿ ಯಾವುದು ಎಂಬ ಚರ್ಚೆ ಬೇಡ. ಪಾಸ್‌ಬುಕ್, ಪಾಲಿಸಿ, ಸಂಘದ ಸದಸ್ಯರ ಪಟ್ಟಿ, ಕಿವಿಯೋಲೆಯ ದಾಖಲೆ ಇವನ್ನು ಅದಕ್ಕೆ ಹೊಂದಿಸಿ. ಕಿವಿಯೋಲೆಯ ಹೆಸರಿಗೆ ನಮ್ಮ ಆಸ್ಪತ್ರೆಯವರನ್ನು ಕೇಳಿ, ಉಳಿದದ್ದಕ್ಕೆ ಆಧಾರ್ ಪ್ರತಿ ಹಚ್ಚಿ ಆಯಾ ಕಡೆ ಅರ್ಜಿ ಕೊಡಿ.

ಗಂಡನ ಹೆಸರು, ಮನೆತನದ ಹೆಸರು ಯಾವ ಕ್ರಮದಲ್ಲಿವೆ ಎಂದೂ ನೋಡಿ. ಒಂದು ಕಡೆ ಪೂರ್ತಿ ಹೆಸರು, ಇನ್ನೊಂದು ಕಡೆ ಬರೀ ಮೊದಲಕ್ಷರ ಇದ್ದರೆ ಅದೂ ತೊಡಕೇ. ತವರಿನ ಹೆಸರಿನಲ್ಲಿ ಹಳೆಯ ಖಾತೆ ಇರುವವರು ಇದನ್ನು ಮೊದಲು ನೋಡಿಕೊಳ್ಳಿ.

ತಪ್ಪು ಹುಟ್ಟುವುದು ಹೆಸರನ್ನು ಬಾಯಲ್ಲಿ ಹೇಳಿದಾಗ. ಕೇಳಿದವರು ತಮ್ಮ ರೂಢಿಯಂತೆ ಟೈಪ್ ಮಾಡುತ್ತಾರೆ. ಆಧಾರ್‌ನ ಇಂಗ್ಲಿಷ್ ಅಕ್ಷರಗಳನ್ನು ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆಸಿ ಪಾಸ್‌ಬುಕ್ಕಿನಲ್ಲಿಡಿ, ಕೇಳಿದಲ್ಲಿ ಅದನ್ನೇ ತೋರಿಸಿ. ಕಾರ್ಯದರ್ಶಿಗಳು ತರಬೇತಿಗೆ ಹೆಸರುಗಳನ್ನು ಇಮೇಲ್‌ನಲ್ಲಿ ಕಳಿಸುವಾಗಲೂ ಈ ಚೀಟಿ ನೋಡಿಯೇ ಟೈಪ್ ಮಾಡಲಿ. ಆಮಂತ್ರಣ ಪತ್ರಿಕೆ, ಪ್ರಮಾಣಪತ್ರ ಎರಡೂ ಆ ಪಟ್ಟಿಯಿಂದಲೇ ಅಚ್ಚಾಗುತ್ತವೆ. ಆಮಂತ್ರಣದಲ್ಲಿ w ಬಂದರೆ ನಕ್ಕು ಬಿಡಬಹುದು, ಪ್ರಮಾಣಪತ್ರದಲ್ಲಿ ಬಂದರೆ ಅಂದೇ ತಿದ್ದಿಸಿಕೊಳ್ಳಿ.