ಬಜೆಟ್ ಇಳಿದರೆ ಆಲ್ಬಂ ಬಿಡಿ

ಮದುವೆ ಫೋಟೋಗ್ರಾಫರ್ 90,000 ರೂಪಾಯಿ ಹೇಳಿದ್ದಾರೆ. ವಧುವಿನ ತಂದೆ 65,000ಕ್ಕೆ ಮುಗಿಸಿ ಎನ್ನುತ್ತಾರೆ. ಅಷ್ಟೇ ಕೆಲಸಕ್ಕೆ ದರ ಇಳಿಸಿದರೆ ಮೊದಲು ಹೇಳಿದ್ದೇ ಜಾಸ್ತಿಯಾಗಿತ್ತು ಎಂದು ಒಪ್ಪಿಕೊಂಡಂತೆ. ಬದಲಿಗೆ, ‘ಸರ್, ಆಲ್ಬಂ ಬಿಟ್ಟರೆ 14,000, ಆರತಕ್ಷತೆಗೆ ಎರಡನೇ ಕ್ಯಾಮೆರಾ ಬಿಟ್ಟರೆ 8,000 ಕಡಿಮೆಯಾಗುತ್ತೆ. 68,000ಕ್ಕೆ ಮಾಡಿಕೊಡ್ತೀನಿ’ ಎನ್ನಬಹುದು. ಕೈಬಿಡುವುದು ನಿಜವಾಗಿ ಖರ್ಚು ಉಳಿಸುವಂಥದ್ದಾಗಿರಬೇಕು. ಆಲ್ಬಂ ಬಿಟ್ಟರೆ ಲ್ಯಾಬ್‌ನ ಬಿಲ್ಲು ಉಳಿಯುತ್ತದೆ. ಒಂದು ಗಂಟೆ ಬೇಗ ಹೊರಟರೆ ಹುಡುಗರ ದಿನಗೂಲಿಯೇನೂ ಇಳಿಯುವುದಿಲ್ಲ. ಮುಹೂರ್ತದ ಎರಡನೇ ಕ್ಯಾಮೆರಾ ಮಾತ್ರ ಬಿಡಬಾರದು. ಧಾರೆಯ ಹೊತ್ತಿಗೆ ಇದ್ದ ಒಂದೂ ಕೈಕೊಟ್ಟರೆ ಮತ್ತೆ ತೆಗೆಯಲಾಗದು, ಕಡಿಮೆ ಕೊಟ್ಟಿದ್ದೆವು ಎಂದು ಆಗ ಯಾರೂ ನೆನೆಯುವುದಿಲ್ಲ. ಬಿಟ್ಟಿದ್ದನ್ನೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಒಪ್ಪಿಗೆ ಪಡೆಯಬೇಕು. ಇಲ್ಲದಿದ್ದರೆ ತಿಂಗಳಾದ ಮೇಲೆ ‘ಆಲ್ಬಂ ಎಲ್ಲಿ?’ ಎಂಬ ಫೋನು ಬರುತ್ತದೆ.