ಒಂದು ರೀಲಿಗೋ, ಆರು ತಿಂಗಳಿಗೋ?

ಮೈಸೂರ್ ಸ್ಯಾಂಡಲ್ ಸೋಪಿಗೆ 2025ರ ಮೇ ತಿಂಗಳಲ್ಲಿ ತಮನ್ನಾ ಭಾಟಿಯಾ ರಾಯಭಾರಿಯಾದಾಗ, ಕನ್ನಡದ ನಟಿಯರು ಸಿಗಲಿಲ್ಲವೇ ಎಂಬ ಗಲಾಟೆ ಜೋರಾಗಿಯೇ ನಡೆಯಿತು. ಆದೇಶದಲ್ಲಿದ್ದ ಅವಧಿಯ ಬಗ್ಗೆ ಅಷ್ಟು ಮಾತಾಗಲಿಲ್ಲ. 6.2 ಕೋಟಿ ರೂಪಾಯಿಗೆ ಎರಡು ವರ್ಷ, ಎರಡು ದಿನ. ರಾಯಭಾರಿ ಕರಾರಿನಲ್ಲಿ ಹಣ ಹೋಗುವುದು ಮುಖ್ಯವಾಗಿ ಈ ಅವಧಿಗೇ.

ಸಣ್ಣ ವ್ಯಾಪಾರದಲ್ಲೂ ಲೆಕ್ಕ ಇದೇ. ತುಮಕೂರಿನ ಗಾಣದೆಣ್ಣೆ ವ್ಯಾಪಾರಿಯೊಬ್ಬರು ಅಡುಗೆ ರೀಲ್ ಮಾಡುವ ಹೆಣ್ಣುಮಗಳಿಗೆ 20,000 ರೂಪಾಯಿ ಕೊಟ್ಟು ಒಂದು ರೀಲ್ ಮಾಡಿಸಿದರು ಅಂದುಕೊಳ್ಳಿ. ಎರಡು ದಿನ ಆರ್ಡರ್ ಬಂದು ನಿಂತುಹೋಗುತ್ತದೆ. ಮುಂದಿನ ತಿಂಗಳು ಅದೇ ಬಾಣಲೆಗೆ ಆಕೆ ಬೇರೆ ಕಂಪನಿಯ ಎಣ್ಣೆ ಸುರಿಯುತ್ತಾರೆ. ನೋಡಿದವರಿಗೆ ಎರಡೂ ಬರೀ ಜಾಹೀರಾತು. ಹಬ್ಬದ ರಿಯಾಯಿತಿ ಸಾರುವುದಕ್ಕಾದರೆ ಒಂದು ರೀಲ್ ಸಾಕು. ಆಕೆಯ ಹೆಸರಿನದೇ ಒಂದು ಕೂಪನ್ ಕೋಡ್ ಕೊಟ್ಟರೆ ಎಷ್ಟು ಆರ್ಡರ್ ಬಂತೆಂಬುದೂ ಗೊತ್ತಾಗುತ್ತದೆ. ಆ ಲೆಕ್ಕ ನೋಡಿದ ಮೇಲೆಯೇ ಆರು ತಿಂಗಳ ಮಾತು ಎತ್ತುವುದು ಜಾಣತನ.

ಆರು ತಿಂಗಳು, ಆರು ರೀಲ್, 90,000 ರೂಪಾಯಿ ಎಂದಾಯಿತು. ಒಂದು ರೀಲಿಗೆ 15,000 ಬಿತ್ತು, ವ್ಯಾಪಾರಿಗೆ ಉಳಿತಾಯ. ಆದರೆ ಕರಾರಿನಲ್ಲಿ 'ಬೇರೆ ಆಹಾರ ಪದಾರ್ಥಗಳ ಪ್ರಚಾರ ಮಾಡಕೂಡದು' ಎಂದಿದ್ದರೆ ಆಕೆಗೆ ಮಸಾಲೆಪುಡಿ, ಚಹಾ, ಉಪ್ಪಿನಕಾಯಿ ಎಲ್ಲವೂ ಕೈತಪ್ಪುತ್ತದೆ. 'ಅಡುಗೆ ಎಣ್ಣೆ' ಎಂದಷ್ಟೇ ಬರೆಸಿಕೊಳ್ಳಬೇಕು. ಅವಧಿ ಮುಗಿದ ಮೇಲೂ ಕಟ್ಟಿಹಾಕುವ ಷರತ್ತು ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಕ್ರಿಕೆಟಿಗ ಜಹೀರ್ ಖಾನ್ ಮತ್ತು ಅವರ ಪ್ರಚಾರದ ವ್ಯವಹಾರ ನೋಡಿಕೊಳ್ಳುತ್ತಿದ್ದ ಸಂಸ್ಥೆಯ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಅಂಥ ಷರತ್ತನ್ನು ಒಪ್ಪಲಿಲ್ಲ.

ಹೆಚ್ಚು ಜಗಳವಾಗುವುದು ವಿಡಿಯೊ ಬಳಕೆಯ ವಿಷಯಕ್ಕೆ. ರೀಲ್ ಆಕೆಯ ಖಾತೆಯಲ್ಲಿರುವುದು ಒಂದು. ಅದನ್ನೇ ದುಡ್ಡು ಹಾಕಿ ಜಾಹೀರಾತಾಗಿ ಓಡಿಸುವುದು, ಆಕೆಯ ಮುಖವನ್ನು ಬಾಟಲಿಯ ಲೇಬಲ್ಲಿಗೆ ಅಂಟಿಸುವುದು ಬೇರೆ. ಕರಾರಿನಲ್ಲಿ ಈ ಮಾತೇ ಇಲ್ಲದಿದ್ದರೆ ಎರಡು ವರ್ಷದ ನಂತರವೂ ಆ ಮುಖ ಅಂಗಡಿಯಲ್ಲಿ ಎಣ್ಣೆ ಮಾರುತ್ತಿರುತ್ತದೆ, ಅಷ್ಟರಲ್ಲಿ ಬಂದ ಹೊಸ ಎಣ್ಣೆ ಕಂಪನಿ ಅದನ್ನು ನೋಡಿ ಹಿಂದೆ ಸರಿಯುತ್ತದೆ. ಎಲ್ಲೆಲ್ಲಿ, ಎಷ್ಟು ತಿಂಗಳು, ಅದಕ್ಕೆ ಬೇರೆ ಎಷ್ಟು ಹಣ ಎಂಬುದನ್ನು ಬರೆದಿಡುವುದು ಇಬ್ಬರಿಗೂ ಒಳ್ಳೆಯದು.

ಕೊನೆಯದು, ಹೊರಬರುವ ದಾರಿ. ಕಂಪನಿಗಳು ತಮ್ಮ ಪರವಾಗಿ ಇದನ್ನು ಮರೆಯದೆ ಬರೆಸುತ್ತವೆ: ಪ್ರಚಾರ ಮಾಡುವವರು ವಿವಾದಕ್ಕೆ ಸಿಕ್ಕರೆ ಕರಾರು ರದ್ದು. ಎಣ್ಣೆಯೇ ಕಲಬೆರಕೆ ಎಂದು ಗೊತ್ತಾದರೆ? ಗ್ರಾಹಕರ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಪ್ರಚಾರ ಮಾಡಿದವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ವಿಚಾರಿಸಿಯೇ ಹೇಳಿದ್ದೆ ಎಂದು ತೋರಿಸಿದರೆ ಮಾತ್ರ ಪಾರು. ಹಾಗಾಗಿ ಲ್ಯಾಬ್ ವರದಿ ಕೈಗೆ ಬಂದ ಮೇಲೆಯೇ ಚಿತ್ರೀಕರಣ, 'ಕೊಲೆಸ್ಟರಾಲ್ ಇಳಿಯುತ್ತದೆ' ಎಂಬಂಥ ಸಾಲು ಹೇಳದಿರುವ ಹಕ್ಕು, ತಪ್ಪು ಕಂಪನಿಯದಾದರೆ ಅಲ್ಲಿವರೆಗಿನ ಪೂರ್ತಿ ಹಣದೊಂದಿಗೆ ಹೊರನಡೆಯುವ ಹಕ್ಕು, ಈ ಮೂರನ್ನೂ ಆಕೆ ಸಹಿ ಹಾಕುವ ಮೊದಲೇ ಕರಾರಿಗೆ ಸೇರಿಸಿಕೊಳ್ಳಬೇಕು.